ಪಿಎಫ್ ಬಂದಿಲ್ಲವೇ? ಎಚ್‌ಆರ್ ಹತ್ತಿರ ಬೇಡಬೇಡಿ, ಲೆಕ್ಕ ಕೇಳಿ

"ಸರ್, ನನ್ನ ಪಿಎಫ್ ಇನ್ನೂ ಬಂದಿಲ್ಲ, ಯಾವಾಗ ಬರುತ್ತೆ?"

ಬೆಂಗಳೂರಿನ ಫ್ಯಾಕ್ಟರಿ ಬಿಟ್ಟು ಊರಿಗೆ ಬಂದವರು ಎಚ್‌ಆರ್‌ಗೆ ಫೋನ್ ಮಾಡಿ ಕೇಳುವುದು ಇದೊಂದೇ ಪ್ರಶ್ನೆ. ಆ ಕಡೆಯಿಂದ ಬರುವುದೂ ಒಂದೇ ಉತ್ತರ: "ಪ್ರೋಸೆಸ್‌ನಲ್ಲಿದೆಯಮ್ಮ, ಬರುತ್ತೆ." ಆರು ತಿಂಗಳಾದರೂ ಪ್ರಶ್ನೆ ಬದಲಾಗುವುದಿಲ್ಲ, ಉತ್ತರವೂ ಬದಲಾಗುವುದಿಲ್ಲ.

ನಾವು ಹೇಳುವುದಿಷ್ಟು. "ಯಾವಾಗ ಬರುತ್ತೆ" ಅನ್ನುವುದು ಎಚ್‌ಆರ್‌ಗೆ ಬಹಳ ಅನುಕೂಲದ ಪ್ರಶ್ನೆ. ಪಿಎಫ್ ದುಡ್ಡು ಎಚ್‌ಆರ್ ಹತ್ತಿರ ಇರುವುದಿಲ್ಲ, ಪಿಎಫ್ ಕಚೇರಿಯಲ್ಲಿರುತ್ತದೆ. ಹಾಗಾಗಿ ಯಾವಾಗ ಅಂತ ಕೇಳಿದರೆ "ನಮಗೇನು ಗೊತ್ತು" ಅಂದು ಆತ ಕೈತೊಳೆದುಕೊಳ್ಳಬಹುದು, ಅದು ಸುಳ್ಳೂ ಅಲ್ಲ. ಆದರೆ ಎಚ್‌ಆರ್ ಮಾತ್ರ ಮಾಡಬೇಕಾದ, ಬೇರೆ ಯಾರೂ ಮಾಡಲಾಗದ ಕೆಲಸಗಳಿವೆ. ಅವನ್ನು ಹೆಸರಿಟ್ಟು, ತಾರೀಕು ಹಾಕಿ, ಬರವಣಿಗೆಯಲ್ಲಿ ಕೇಳಿದರೆ ಜಾರಿಕೊಳ್ಳಲು ಜಾಗ ಇರುವುದಿಲ್ಲ. ಅದಕ್ಕೆ ಒಂದು ಪುಟ ಕಾಗದ ಸಾಕು. ಆದರೆ ಆ ಪುಟದಲ್ಲಿ ಏನು, ಯಾವ ಕ್ರಮದಲ್ಲಿ ಇರಬೇಕು ಅನ್ನುವುದು ಗೊತ್ತಿರಬೇಕು.

ಒಬ್ಬ ಅಕ್ಕನ ಲೆಕ್ಕ

ನಾಗಮಂಗಲದ ಕಡೆಯ ಒಬ್ಬ ಅಕ್ಕ. ಹೆಸರು ಬೇಡ, ಫ್ಯಾಕ್ಟರಿಯ ಹೆಸರೂ ಬೇಡ. 2016ರ ಆಗಸ್ಟ್‌ನಲ್ಲಿ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ಗೆ ಟೈಲರ್ ಆಗಿ ಸೇರಿದವರು. 2023ರ ಫೆಬ್ರುವರಿ 28ಕ್ಕೆ ರಾಜೀನಾಮೆ ಬರೆದುಕೊಟ್ಟರು. ಒಂದು ತಿಂಗಳ ನೋಟಿಸ್ ಮುಗಿಸಿ ಮಾರ್ಚ್ 31ಕ್ಕೆ ಕೊನೆಯ ದಿನ ಕೆಲಸ ಮಾಡಿದರು.

ಕೊನೆಯಲ್ಲಿ ಅವರ ಪಿಎಫ್ ಲೆಕ್ಕದ ಸಂಬಳ 11,000 ರೂಪಾಯಿ ಇತ್ತು. ಅದರಲ್ಲಿ ನೂರಕ್ಕೆ 12ರಂತೆ 1,320 ರೂಪಾಯಿ ಅವರ ಕೈಯಿಂದ ಹಿಡಿಯುತ್ತಿದ್ದರು. ಫ್ಯಾಕ್ಟರಿಯೂ ಅಷ್ಟೇ 1,320 ಹಾಕಬೇಕು. ಫ್ಯಾಕ್ಟರಿಯ ಪಾಲಿನಲ್ಲಿ 916 ರೂಪಾಯಿ ಪಿಂಚಣಿಗೆ ಹೋಗುತ್ತದೆ, ಉಳಿದ 404 ಪಿಎಫ್‌ಗೆ ಸೇರುತ್ತದೆ. ಅಂದರೆ ತಿಂಗಳಿಗೆ 1,724 ರೂಪಾಯಿ ಪಿಎಫ್ ಖಾತೆಗೆ. ಏಳು ವರ್ಷಕ್ಕೆ ಸ್ವಲ್ಪ ಕಡಿಮೆ ದುಡಿಮೆಗೆ, ಬಡ್ಡಿ ಸೇರಿ, ಪಾಸ್‌ಬುಕ್‌ನಲ್ಲಿ ಒಂದು ಲಕ್ಷ ಇಪ್ಪತ್ತೆಂಟು ಸಾವಿರ ಚಿಲ್ಲರೆ ಇತ್ತು.

ಆಗಿನ ನಿಯಮದಂತೆ ಎರಡು ತಿಂಗಳು ಕಾದು, ಜೂನ್ 12ಕ್ಕೆ ತಾಲ್ಲೂಕಿನ ಸೈಬರ್ ಸೆಂಟರ್‌ನಲ್ಲಿ ಎರಡು ಅರ್ಜಿ ಹಾಕಿಸಿದರು. ಪಿಎಫ್‌ಗೆ ಫಾರಂ 19, ಪಿಂಚಣಿ ಹಣಕ್ಕೆ ಫಾರಂ 10ಸಿ. ಹತ್ತು ವರ್ಷ ಸೇವೆ ತುಂಬದವರು ಪಿಂಚಣಿ ಪಾಲನ್ನೂ ಹೀಗೆ ತೆಗೆದುಕೊಳ್ಳಬಹುದು. ಮಗಳ ನರ್ಸಿಂಗ್ ಸೀಟಿಗೆ ಫೀಸು ಕಟ್ಟಬೇಕಿತ್ತು. ಪಿಎಫ್ ಇಪ್ಪತ್ತು ದಿನದಲ್ಲಿ ಬರುತ್ತದೆ ಅಂತ ನಂಬಿ 50,000 ಕೈಸಾಲ ಮಾಡಿದರು, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ.

ಜುಲೈ ಬಂತು, ಆಗಸ್ಟ್ ಬಂತು. ದುಡ್ಡು ಬರಲಿಲ್ಲ. ಸೈಬರ್‌ನವನು "ಪ್ರೋಸೆಸ್" ಅಂದ. ಎಚ್‌ಆರ್ "ಪ್ರೋಸೆಸ್" ಅಂದರು. ಮೂರು ಸಲ ಬಸ್ ಹತ್ತಿ ಫ್ಯಾಕ್ಟರಿ ಗೇಟಿಗೆ ಹೋದರು. ಮೂರನೇ ಸಲ ಒಳಗೆ ಕರೆದು ಹೇಳಿದ ಮಾತು ಇದು: "ದುಡ್ಡು ಎಲ್ಲೂ ಹೋಗಲ್ಲಮ್ಮ. ಅಲ್ಲೇ ಇದ್ರೆ ಬಡ್ಡಿ ಬೆಳೀತಿರುತ್ತೆ, ಒಳ್ಳೇದೇ ಅಲ್ವಾ?"

ಈ ಮಾತಿಗೆ ಲೆಕ್ಕದಲ್ಲೇ ಉತ್ತರ ಕೊಡೋಣ. ಆ ವರ್ಷ ಪಿಎಫ್ ಬಡ್ಡಿ ವರ್ಷಕ್ಕೆ ನೂರಕ್ಕೆ 8.25. ಐವತ್ತು ಸಾವಿರಕ್ಕೆ ತಿಂಗಳಿಗೆ ಸುಮಾರು 344 ರೂಪಾಯಿ. ಅದೇ ಐವತ್ತು ಸಾವಿರಕ್ಕೆ ಊರಿನ ಸಾಲದ ಬಡ್ಡಿ ತಿಂಗಳಿಗೆ 1,500. ತನ್ನದೇ ದುಡ್ಡು ತನ್ನ ಹೆಸರಲ್ಲೇ ಕೂತಿರುವಾಗ, ಪ್ರತಿ ತಿಂಗಳೂ ಈ ಹೆಣ್ಣುಮಗಳು 1,150 ರೂಪಾಯಿಗೂ ಹೆಚ್ಚು ಕಳೆದುಕೊಳ್ಳುತ್ತಿದ್ದಳು. ಇದನ್ನು "ಒಳ್ಳೇದೇ" ಅನ್ನುವವರಿಗೆ ಕೈಸಾಲ ಮಾಡಿ ಗೊತ್ತಿಲ್ಲ.

ದುಡ್ಡು ಎಲ್ಲಿ ನಿಂತಿದೆ? ಮೊದಲು ನೀವೇ ನೋಡಿ

ಕಾಗದ ಬರೆಯುವ ಮೊದಲು ಒಂದು ಕೆಲಸ ಇದೆ, ಅದನ್ನು ಬಿಟ್ಟರೆ ಕಾಗದ ದಂಡ. ದುಡ್ಡು ಯಾವ ಬಾಗಿಲಲ್ಲಿ ನಿಂತಿದೆ ಅಂತ ಪತ್ತೆ ಮಾಡಬೇಕು. ಬಾಗಿಲು ನಾಲ್ಕು. ಒಂದೊಂದರ ಬೀಗದ ಕೈ ಒಬ್ಬೊಬ್ಬರ ಹತ್ತಿರ ಇರುತ್ತದೆ.

ಮೊದಲ ಬಾಗಿಲು ಪಾಸ್‌ಬುಕ್. ಸಂಬಳದಿಂದ ಹಿಡಿದದ್ದನ್ನು ಫ್ಯಾಕ್ಟರಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಉಮಂಗ್ ಆ್ಯಪ್‌ನಲ್ಲಿ ಅಥವಾ ಪಿಎಫ್ ಪಾಸ್‌ಬುಕ್ ಜಾಲತಾಣದಲ್ಲಿ ಕೊನೆಯ ತಿಂಗಳವರೆಗೂ ಬಿದ್ದಿದೆಯೇ ನೋಡಿ. ಹಣ ಬಿದ್ದ ತಿಂಗಳನ್ನಲ್ಲ, ಯಾವ ತಿಂಗಳ ಸಂಬಳದ್ದು ಅನ್ನುವುದನ್ನು ನೋಡಬೇಕು. ಮಾರ್ಚ್ ಸಂಬಳದ್ದು ಏಪ್ರಿಲ್‌ನಲ್ಲಿ ಬೀಳುತ್ತದೆ.

ಎರಡನೇ ಬಾಗಿಲು ಕೆಲಸ ಬಿಟ್ಟ ತಾರೀಕು. ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ `View` ಒಳಗೆ `Service History` ತೆರೆದರೆ ಸೇರಿದ ತಾರೀಕು, ಪಿಎಫ್‌ನಿಂದ ಬಿಟ್ಟ ತಾರೀಕು, ಪಿಂಚಣಿಯಿಂದ ಬಿಟ್ಟ ತಾರೀಕು ಕಾಣುತ್ತವೆ. ಬಿಟ್ಟ ತಾರೀಕು ಖಾಲಿ ಇದ್ದರೂ ತೊಂದರೆ, ತಪ್ಪಿದ್ದರೂ ತೊಂದರೆ.

ಮೂರನೆಯದು ಅರ್ಜಿಯ ಸ್ಥಿತಿ. ಅದೇ ಪೋರ್ಟಲ್‌ನ `Online Services` ಒಳಗೆ `Track Claim Status`. ಅಲ್ಲಿ `Under Process`, `Rejected`, `Settled` ಇವುಗಳಲ್ಲಿ ಯಾವುದಿದೆ? ತಿರಸ್ಕಾರ ಆಗಿದ್ದರೆ ಕಾರಣವನ್ನೂ ಬರೆದಿರುತ್ತಾರೆ.

ನಾಲ್ಕನೆಯದು ಬ್ಯಾಂಕು. `Settled` ಅಂತಿದ್ದು ದುಡ್ಡು ಬಂದಿಲ್ಲ ಅಂದರೆ ಹಣ ಹೊರಟು ಬ್ಯಾಂಕಿನಿಂದ ವಾಪಸ್ ಹೋಗಿರಬಹುದು. ಖಾತೆ ನಿಂತುಹೋಗಿರಬಹುದು, ಬ್ಯಾಂಕ್ ಬೇರೊಂದರಲ್ಲಿ ವಿಲೀನವಾಗಿ ಐಎಫ್‌ಎಸ್‌ಸಿ ಬದಲಾಗಿರಬಹುದು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕ್ ಜೊತೆ ಸೇರಿದ ಮೇಲೆ ಹಳೆಯ ಕೋಡ್‌ಗಳು ರದ್ದಾದವು. ಹಳೆಯ ಪಾಸ್‌ಬುಕ್ ಇಟ್ಟುಕೊಂಡವರು ಒಮ್ಮೆ ನೋಡಿಕೊಳ್ಳಿ. ಈ ಬಾಗಿಲಲ್ಲಿ ನಿಂತಿದ್ದರೆ ಎಚ್‌ಆರ್ ಹತ್ತಿರ ಹೋಗಿ ಕೂಗಾಡಿ ಪ್ರಯೋಜನವಿಲ್ಲ. ಬ್ಯಾಂಕಿಗೆ ಮತ್ತು ಪಿಎಫ್ ಕಚೇರಿಗೆ ಹೋಗಬೇಕು.

ನಮ್ಮ ಅಕ್ಕನ ಪಾಸ್‌ಬುಕ್‌ನಲ್ಲಿ ಮಾರ್ಚ್ ಸಂಬಳದ ಪಿಎಫ್ ಸರಿಯಾಗಿ ಬಿದ್ದಿತ್ತು. ಎರಡನೇ ಬಾಗಿಲಿಗೆ ಬಂದಾಗ ಗುಟ್ಟು ಬಯಲಾಯಿತು. ಕೆಲಸ ಬಿಟ್ಟ ತಾರೀಕು 28-02-2023 ಅಂತ ಇತ್ತು. ಎಚ್‌ಆರ್‌ನವರು ಕೊನೆಯ ಕೆಲಸದ ದಿನದ ಬದಲು ರಾಜೀನಾಮೆ ಪತ್ರದ ತಾರೀಕನ್ನು ಹಾಕಿಬಿಟ್ಟಿದ್ದರು. ಮೂರನೇ ಬಾಗಿಲಲ್ಲಿ ಅದರ ಫಲ: ಅರ್ಜಿ ಜೂನ್ 30ಕ್ಕೇ ತಿರಸ್ಕಾರ. ಫೆಬ್ರುವರಿಗೆ ಕೆಲಸ ಬಿಟ್ಟವರಿಗೆ ಮಾರ್ಚ್ ತಿಂಗಳ ಪಿಎಫ್ ಹೇಗೆ ಬಂತು ಅನ್ನುವುದು ಪಿಎಫ್ ಕಚೇರಿಯ ತಕರಾರು. ಅವರ ತಕರಾರು ಸರಿಯೇ ಇತ್ತು.

ಅಂದರೆ ಜುಲೈ, ಆಗಸ್ಟ್ ಎರಡೂ ತಿಂಗಳು ಯಾವ "ಪ್ರೋಸೆಸ್" ಕೂಡ ನಡೆಯುತ್ತಿರಲಿಲ್ಲ. ಅರ್ಜಿ ಸತ್ತು ಹೋಗಿತ್ತು. ಸತ್ತ ಅರ್ಜಿಗೆ ಸೈಬರ್‌ನವನೂ ಎಚ್‌ಆರ್‌ನವರೂ ಸೇರಿ ಜೀವ ಇದೆ ಅನ್ನುತ್ತಿದ್ದರು.

ಇಪ್ಪತ್ತು ದಿನದ ಗಡಿ ಯಾರಿಗೆ?

ಪಿಎಫ್ ಅರ್ಜಿ ಇಪ್ಪತ್ತು ದಿನದಲ್ಲಿ ಇತ್ಯರ್ಥ ಆಗಬೇಕು ಅನ್ನುವುದು ಸುಳ್ಳಲ್ಲ. 1952ರ ನೌಕರರ ಭವಿಷ್ಯ ನಿಧಿ ಯೋಜನೆಯ 72ನೇ ಪ್ಯಾರಾದಲ್ಲೇ ಇದೆ. ಸರಿಯಾದ ಕಾರಣವಿಲ್ಲದೆ ತಡ ಮಾಡಿದರೆ ಪಿಎಫ್ ಆಯುಕ್ತರ ಸಂಬಳದಿಂದ ವರ್ಷಕ್ಕೆ ನೂರಕ್ಕೆ 12ರಂತೆ ದಂಡದ ಬಡ್ಡಿ ಹಿಡಿಯಬಹುದು ಅಂತಲೂ ಇದೆ.

ಆದರೆ ಆ ಸಾಲಿನ ಒಳಗೆ ಒಂದು ಮಾತು ಅಡಗಿದೆ: ಅರ್ಜಿ ಎಲ್ಲ ರೀತಿಯಲ್ಲೂ ಪೂರ್ಣವಾಗಿರಬೇಕು. ತಾರೀಕು ತಪ್ಪಿರುವ ಅರ್ಜಿ ಪೂರ್ಣ ಅಲ್ಲ, ಅದನ್ನು ವಾಪಸ್ ಕಳಿಸಿದರೆ ಕಚೇರಿಯ ತಪ್ಪೂ ಅಲ್ಲ. ಹೀಗಾಗಿ ಎಚ್‌ಆರ್ ಮಾಡಿದ ಒಂದು ಸಣ್ಣ ಎಡವಟ್ಟು ಇಡೀ ಇಪ್ಪತ್ತು ದಿನದ ರಕ್ಷಣೆಯನ್ನು ನುಂಗಿಹಾಕುತ್ತದೆ. ಎಚ್‌ಆರ್ ಆ ತಪ್ಪನ್ನು ತಿದ್ದದೆ ಎಷ್ಟು ದಿನ ಕೂತರೂ ಆ ದಿನಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ, ಕೆಲಸಗಾರರ ಬಡ್ಡಿ ಲೆಕ್ಕವೊಂದನ್ನು ಬಿಟ್ಟು.

ಇಲ್ಲಿರುವುದೇ ನಮ್ಮ ಸಿಟ್ಟು. ಪಿಎಫ್ ಕಚೇರಿಯ ಗೋಡೆಯ ಮೇಲೆ ಗಡಿಯಾರ ಇದೆ. ಎಚ್‌ಆರ್ ಮೇಜಿನ ಮೇಲೆ ಇಲ್ಲ. ಹಾಗಿದ್ದರೆ ಅಲ್ಲಿ ಗಡಿಯಾರ ತಂದಿಡಬೇಕಾದವರು ನಾವೇ. ತಾರೀಕು ಹಾಕಿದ ಕಾಗದ ಅಂದರೆ ಆ ಗಡಿಯಾರ.

ಅಳುವ ಕಾಗದ, ಕೇಳುವ ಕಾಗದ

ಅಕ್ಕ ಮೊದಲೂ ಒಂದು ಕಾಗದ ಕಳಿಸಿದ್ದರು. ಯಾರೋ ಬರೆದುಕೊಟ್ಟ ಎರಡು ಪುಟ. ಏಳು ವರ್ಷ ಕಷ್ಟಪಟ್ಟು ದುಡಿದದ್ದು, ಗಂಡನಿಗೆ ಹುಷಾರಿಲ್ಲದ್ದು, ಮಗಳ ಫೀಸು, ಸಾಲ, ದೇವರಂಥ ತಾವು ದಯೆ ತೋರಬೇಕು ಅನ್ನುವ ಬೇಡಿಕೆ. ಒಂದು ಮಾತೂ ಸುಳ್ಳಲ್ಲ. ಆದರೆ ಎರಡು ಪುಟದಲ್ಲಿ ಯುಎಎನ್ ನಂಬರ್ ಇರಲಿಲ್ಲ, ಅರ್ಜಿ ಹಾಕಿದ ತಾರೀಕು ಇರಲಿಲ್ಲ, ಏನು ಮಾಡಬೇಕು ಅನ್ನುವುದೂ ಇರಲಿಲ್ಲ. ಓದಿದವರು ಅಯ್ಯೋ ಪಾಪ ಅಂದು ಪಕ್ಕಕ್ಕಿಡಬಹುದು. ಅಯ್ಯೋ ಪಾಪ ಅನ್ನುವುದಕ್ಕೆ ಗಡುವು ಇರುವುದಿಲ್ಲ.

ಎರಡನೇ ಕಾಗದ ಹೀಗಿತ್ತು. ನಂಬರ್‌ಗಳನ್ನು ಮಾತ್ರ ನಾವು ತೆಗೆದಿದ್ದೇವೆ.

> ದಿನಾಂಕ: 11-09-2023
>
> ಗೆ, ಎಚ್‌ಆರ್ ವ್ಯವಸ್ಥಾಪಕರು
>
> ವಿಷಯ: ಪಿಎಫ್ ಬಿಟ್ಟ ತಾರೀಕು ತಪ್ಪಾಗಿರುವುದರಿಂದ ಹಣ ಬಂದಿಲ್ಲ, ತಿದ್ದುಪಡಿ ಕೋರಿ. ಯುಎಎನ್ ಸಂಖ್ಯೆ, ಪಿಎಫ್ ಸದಸ್ಯ ಸಂಖ್ಯೆ, ಟೋಕನ್ ಸಂಖ್ಯೆ.
>
> ಮಾನ್ಯರೇ,
>
> 1. ನಾನು ನಿಮ್ಮ ಕಾರ್ಖಾನೆಯಲ್ಲಿ ಆಗಸ್ಟ್ 2016ರಿಂದ 31-03-2023ರವರೆಗೆ ಟೈಲರ್ ಆಗಿ ಕೆಲಸ ಮಾಡಿದ್ದೇನೆ.
>
> 2. ಮಾರ್ಚ್ 2023ರ ಸಂಬಳದ ಪಿಎಫ್ ನನ್ನ ಪಾಸ್‌ಬುಕ್‌ಗೆ ಜಮಾ ಆಗಿದೆ.
>
> 3. 12-06-2023ರಂದು ಫಾರಂ 19 ಮತ್ತು 10ಸಿ ಅರ್ಜಿ ಹಾಕಿದ್ದೇನೆ. 30-06-2023ರಂದು ತಿರಸ್ಕಾರವಾಗಿವೆ.
>
> 4. ಕಾರಣ: ಪಿಎಫ್ ದಾಖಲೆಯಲ್ಲಿ ನಾನು ಕೆಲಸ ಬಿಟ್ಟ ತಾರೀಕನ್ನು 28-02-2023 ಎಂದು ನಮೂದಿಸಲಾಗಿದೆ. ಅದು ನನ್ನ ರಾಜೀನಾಮೆ ಪತ್ರದ ತಾರೀಕು.
>
> ನನ್ನ ಕೋರಿಕೆ:
>
> ಅ) ಪಿಎಫ್ ಮತ್ತು ಪಿಂಚಣಿ ಎರಡರಲ್ಲೂ ಬಿಟ್ಟ ತಾರೀಕನ್ನು 31-03-2023 ಎಂದು ತಿದ್ದಲು ಜಂಟಿ ಘೋಷಣೆಗೆ ಸಹಿ ಮಾಡಿ ಪಿಎಫ್ ಕಚೇರಿಗೆ ಕಳಿಸಿ. ನನ್ನ ಸಹಿ ಮಾಡಿದ ಪ್ರತಿ ಜೊತೆಗಿದೆ.
>
> ಆ) ಕಳಿಸಿದ ತಾರೀಕನ್ನು 21-09-2023ರೊಳಗೆ ಬರಹದಲ್ಲಿ ತಿಳಿಸಿ.
>
> ಇ) 28-02-2023 ಎಂಬುದೇ ಸರಿ ಎಂದಾದರೆ, ಮಾರ್ಚ್ ತಿಂಗಳ ಪಿಎಫ್ ಯಾವ ಆಧಾರದ ಮೇಲೆ ಕಟ್ಟಿದ್ದೀರಿ ಎಂದು ಬರಹದಲ್ಲಿ ತಿಳಿಸಿ.
>
> ಲಗತ್ತು: ಮಾರ್ಚ್ ಸಂಬಳದ ಚೀಟಿ, ಬಿಡುಗಡೆ ಪತ್ರ, ಪಾಸ್‌ಬುಕ್ ಪುಟ, ಸೇವಾ ವಿವರದ ಪುಟ, ಅರ್ಜಿ ತಿರಸ್ಕಾರದ ಪುಟ.

ಇಷ್ಟೇ. ಬೈಗುಳ ಇಲ್ಲ, ಬೇಡಿಕೊಳ್ಳುವುದೂ ಇಲ್ಲ. ಆದರೆ ಪ್ರತಿ ಸಾಲಿಗೂ ಒಂದು ಕೆಲಸವಿದೆ.

ಮೊದಲ ನಾಲ್ಕು ಸಾಲು ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತವೆ. ಕೆಲಸ, ಜಮಾ, ಅರ್ಜಿ, ತಿರಸ್ಕಾರ, ಕಾರಣ. ಈ ಕ್ರಮ ಮುಖ್ಯ. ಎಚ್‌ಆರ್‌ಗೆ ಹಿಂದಿನ ಫೈಲು ಹುಡುಕುವ ತ್ರಾಸ ಇಲ್ಲ, ಹುಡುಕುತ್ತೇವೆ ಅನ್ನುವ ನೆಪವೂ ಇಲ್ಲ. ಎರಡನೇ ಸಾಲಿನ ಪಕ್ಕ ನಾಲ್ಕನೇ ಸಾಲನ್ನು ಇಟ್ಟು ನೋಡಿ. ಮಾರ್ಚ್ ಪಿಎಫ್ ಕಟ್ಟಿದವರೂ ಅವರೇ, ಫೆಬ್ರುವರಿಗೇ ಬಿಟ್ಟರು ಅಂದವರೂ ಅವರೇ. ತಪ್ಪು ಯಾರದ್ದು ಅಂತ ಕಾಗದ ಹೇಳುವುದೇ ಇಲ್ಲ. ಹೇಳದೆಯೇ ತಿಳಿಯುತ್ತದೆ.

ಕೋರಿಕೆಯಲ್ಲಿ ಎಚ್‌ಆರ್ ಕೈಯಲ್ಲಿರುವುದನ್ನು ಮಾತ್ರ ಕೇಳಿದೆ. "ಹಣ ಬಿಡುಗಡೆ ಮಾಡಿ" ಅಂತ ಎಲ್ಲೂ ಇಲ್ಲ, ಅದು ಅವರ ಕೈಯಲ್ಲಿಲ್ಲ. ಜಂಟಿ ಘೋಷಣೆ ಅಂದರೆ ದಾಖಲೆ ತಪ್ಪಿದೆ ಅಂತ ಕೆಲಸಗಾರ ಮತ್ತು ಕಂಪನಿ ಸೇರಿ ಪಿಎಫ್ ಕಚೇರಿಗೆ ಹೇಳುವ ಅರ್ಜಿ. ಕಂಪನಿಯ ಪಾಲು ಇಲ್ಲದೆ ಆಗ ಅದು ಮುಂದೆ ಹೋಗುತ್ತಿರಲಿಲ್ಲ.

ಮೂರನೇ ಕೋರಿಕೆಯೇ ಈ ಕಾಗದದ ಬೆನ್ನೆಲುಬು. ತಿದ್ದುವುದಿಲ್ಲ ಅನ್ನುವುದಾದರೆ ಯಾಕೆ ಅಂತ ಬರೆದುಕೊಡಬೇಕು. ಬರೆದುಕೊಟ್ಟರೆ ಅವರ ಪಿಎಫ್ ಲೆಕ್ಕದಲ್ಲೇ ತಪ್ಪಿದೆ ಅಂತ ಒಪ್ಪಿಕೊಂಡ ಹಾಗೆ. ಸುಮ್ಮನಿದ್ದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡಲಿಲ್ಲ ಅನ್ನುವುದಕ್ಕೆ ತಾರೀಕು ಸಮೇತ ಸಾಕ್ಷಿ. ಸುಲಭದ ದಾರಿ ಒಂದೇ ಉಳಿಯುತ್ತದೆ, ಸಹಿ ಮಾಡಿ ಕಳಿಸುವುದು.

ಕಾಗದವನ್ನು ಎಚ್‌ಆರ್ ಮೇಲ್‌ಗೆ ಕಳಿಸಿ, ಅದೇ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಫ್ಯಾಕ್ಟರಿ ವಿಳಾಸಕ್ಕೆ ಹಾಕಿ, ರಸೀದಿ ಇಟ್ಟುಕೊಂಡರು. ವಾಟ್ಸ್‌ಆ್ಯಪ್ ಧ್ವನಿ ಸಂದೇಶ ಕಳಿಸಬೇಡಿ. ಆಧಾರ್ ಪ್ರತಿ ಬೇಕಾಗಿಲ್ಲ, ಒಟಿಪಿಯನ್ನಂತೂ ಯಾರಿಗೂ ಹೇಳಬೇಡಿ. ಹತ್ತನೇ ದಿನಕ್ಕೆ ಎಚ್‌ಆರ್ ಕಡೆಯಿಂದ ಫೋನ್ ಬಂತು. ಈ ಸಲ "ಪ್ರೋಸೆಸ್" ಅನ್ನಲಿಲ್ಲ, "ಕಳಿಸಿದ್ದೀವಿ" ಅಂದರು. ಅಕ್ಕ "ಸರ್, ಅದನ್ನೇ ಮೇಲ್‌ನಲ್ಲಿ ಹಾಕಿಬಿಡಿ" ಅಂದರು. ಹಾಕಿದರು. ತಾರೀಕು ತಿದ್ದಿದ ಮೇಲೆ ಹೊಸದಾಗಿ ಅರ್ಜಿ ಹಾಕಿದರು, ಯಾಕೆಂದರೆ ತಿರಸ್ಕಾರವಾದ ಅರ್ಜಿ ತಾನಾಗಿ ಏಳುವುದಿಲ್ಲ. ನವೆಂಬರ್‌ನಲ್ಲಿ ದುಡ್ಡು ಬಂತು. ಅಷ್ಟರಲ್ಲಿ ಐದು ತಿಂಗಳ ಬಡ್ಡಿ 7,500 ರೂಪಾಯಿ ಕೈಬಿಟ್ಟಿತ್ತು. ಅದನ್ನು ಯಾರೂ ಕೊಡಲಿಲ್ಲ.

ಎದುರು ಮಾತುಗಳು

"ಈಗ ಎಲ್ಲಾ ಆನ್‌ಲೈನ್, ಎಚ್‌ಆರ್ ಕೈಲಿ ಏನೂ ಇಲ್ಲ" ಅನ್ನುವವರಿದ್ದಾರೆ. ಅರ್ಧ ನಿಜ. 2020ರಿಂದ, ಕೊನೆಯ ಜಮಾ ಆಗಿ ಎರಡು ತಿಂಗಳಾದ ಮೇಲೆ, ಬಿಟ್ಟ ತಾರೀಕು ಖಾಲಿ ಇದ್ದರೆ ಸದಸ್ಯರೇ `Manage` ಒಳಗೆ `Mark Exit` ಒತ್ತಿ ಹಾಕಿಕೊಳ್ಳಬಹುದು. 2025ರ ಏಪ್ರಿಲ್‌ನಿಂದ ಬ್ಯಾಂಕ್ ಖಾತೆ ಜೋಡಿಸಲು ಕಂಪನಿಯ ಒಪ್ಪಿಗೆ ಬೇಕಿಲ್ಲ. 2025ರ ಜನವರಿಯಲ್ಲಿ, 2017ರ ಅಕ್ಟೋಬರ್ 1ರ ನಂತರ ಆಧಾರ್ ಮೂಲಕ ಯುಎಎನ್ ಪಡೆದವರಿಗೆ ಹೆಸರು, ತಾರೀಕುಗಳ ತಿದ್ದುಪಡಿಯನ್ನೂ ಸುಲಭ ಮಾಡಿದ್ದಾರೆ. ಒಳ್ಳೆಯದೇ. ಆದರೆ ಗಮನಿಸಿ, ಈ ಒಂದೊಂದು ಬದಲಾವಣೆಯೂ ಎಚ್‌ಆರ್ ಮೇಜನ್ನು ದಾರಿಯಿಂದ ಪಕ್ಕಕ್ಕೆ ಸರಿಸಿದ್ದು. ಅಡ್ಡಿ ಅಲ್ಲೇ ಇತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಯಾಕೆ? ನಮ್ಮ ಅಕ್ಕ 2016ರಲ್ಲಿ ಸೇರಿದವರು. ಅವರ ಹಾಗೆ ಹಳೆಯ ಯುಎಎನ್ ಇರುವವರಿಗೆ ಕಂಪನಿಯ ಮೇಜು ಇನ್ನೂ ದಾರಿಯಲ್ಲೇ ಇದೆ.

"ಬಡವರು ಕಾಗದ ಬರೆಯೋದು ಕಲಿಯಬೇಕಾ? ಸರ್ಕಾರ ಸರಿ ಮಾಡಲಿ" ಅನ್ನುವ ಮಾತೂ ಇದೆ. ಸರ್ಕಾರ ಸರಿ ಮಾಡಲೇಬೇಕು. ಆದರೆ 2016ರ ಏಪ್ರಿಲ್ ನೆನಪಿರಲಿ. ಫ್ಯಾಕ್ಟರಿಯ ಪಾಲನ್ನು 58 ವರ್ಷವಾಗುವವರೆಗೆ ತೆಗೆಯಬಾರದು ಅಂತ ಕೇಂದ್ರ ಸರ್ಕಾರ ನಿಯಮ ತಂದಾಗ, ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು. ಎರಡನೇ ದಿನವೇ ದೆಹಲಿ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಅವತ್ತು ಅವರು ಕೇಳಿದ್ದು ಒಂದೇ ಒಂದು ಸ್ಪಷ್ಟ ಮಾತು: ನಮ್ಮ ದುಡ್ಡು ನಮಗೆ ಬೇಕಾದಾಗ ಕೊಡಿ. ಗುಂಪಿನಲ್ಲಿ ಅಷ್ಟು ನೇರವಾಗಿ ಕೇಳಿದವರು ಒಬ್ಬೊಬ್ಬರೇ ಎಚ್‌ಆರ್ ಮುಂದೆ ನಿಂತಾಗ ಯಾಕೆ ಬೇಡುವವರಾಗಬೇಕು?

"ಕಾಗದ ಬರೆದರೆ ಸಿಟ್ಟಾಗ್ತಾರೆ" ಅನ್ನುವ ಭಯ ನಮಗೂ ಅರ್ಥವಾಗುತ್ತದೆ. ಅನುಭವ ಪತ್ರ, ಕೊನೆಯ ಲೆಕ್ಕದ ಹಣ ತಡೆಹಿಡಿಯುವವರಿದ್ದಾರೆ. ಅದಕ್ಕೇ ಕೆಲಸ ಬಿಡುವ ದಿನವೇ ಬಿಡುಗಡೆ ಪತ್ರ, ಕೊನೆಯ ಸಂಬಳ ಚೀಟಿ ಕೇಳಿ ಇಟ್ಟುಕೊಳ್ಳಿ. ಸಾವಿರ ಜನರ ಕಡತ ನೋಡುವ ಎಚ್‌ಆರ್ ಹುಡುಗನ ಕಷ್ಟವೂ ನಮಗೆ ಗೊತ್ತು. ಅವನಿಗೂ ಎರಡು ಪುಟದ ಗೋಳಿಗಿಂತ ಈ ನಾಲ್ಕು ಸಾಲೇ ವಾಸಿ. ಐದು ನಿಮಿಷದಲ್ಲಿ ಮುಗಿಯುವ ಕೆಲಸವನ್ನು ಅವನ ಮುಂದೆ ಬಿಡಿಸಿ ಇಟ್ಟಿದೆ.

ಇನ್ನು "ಹತ್ತು ಪರ್ಸೆಂಟ್ ಕೊಡಿ, ನಾನು ತೆಗೆಸ್ತೀನಿ" ಅನ್ನುವ ದಲ್ಲಾಳಿ. ಈ ಅಕ್ಕನ ಲೆಕ್ಕದಲ್ಲಿ ಹತ್ತು ಪರ್ಸೆಂಟ್ ಅಂದರೆ 12,800 ರೂಪಾಯಿ. ಬಿಟ್ಟ ತಾರೀಕನ್ನು ಅವನೂ ತಿದ್ದಲಾರ. ಅವನೂ ಕೊನೆಗೆ ಫೋನ್ ಮಾಡುವುದು ಅದೇ ಎಚ್‌ಆರ್‌ಗೆ.

ಗಡುವು ದಾಟಿದರೆ

ಉತ್ತರ ಬರಲಿಲ್ಲ ಅಂದರೆ ಎರಡನೇ ಸಲ ಅದೇ ಕಾಗದ ಬರೆಯಬೇಡಿ. `epfigms.gov.in` ನಲ್ಲಿ ದೂರು ಹಾಕಿ, ಎಚ್‌ಆರ್‌ಗೆ ಬರೆದ ಕಾಗದ ಮತ್ತು ಸ್ಪೀಡ್ ಪೋಸ್ಟ್ ರಸೀದಿಯನ್ನು ಲಗತ್ತಿಸಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಫೋನ್‌ನಲ್ಲಿ ಕೇಳಬೇಕಿದ್ದರೆ ಉಚಿತ ಸಂಖ್ಯೆ 14470. ಪ್ರತಿ ತಿಂಗಳ 27ನೇ ತಾರೀಕು ಪಿಎಫ್ ಕಚೇರಿಯವರು ಜಿಲ್ಲೆಗಳಲ್ಲಿ "ನಿಧಿ ಆಪ್ಕೆ ನಿಕಟ್" ಅನ್ನುವ ಅಹವಾಲು ಸಭೆ ನಡೆಸುತ್ತಾರೆ. ಅಲ್ಲಿಗೆ ಅದೇ ಒಂದು ಪುಟ ಹಿಡಿದು ಹೋಗಿ. ಎಚ್‌ಆರ್‌ಗೆ ಬರೆದ ಕಾಗದ ಇಲ್ಲಿ ದೂರಿನ ಅರ್ಜಿಯೂ ಆಗುತ್ತದೆ, ಸಾಕ್ಷಿಯೂ ಆಗುತ್ತದೆ.

ಮೊದಲ ಬಾಗಿಲಲ್ಲೇ ತಪ್ಪು ಸಿಕ್ಕರೆ, ಅಂದರೆ ಸಂಬಳ ಚೀಟಿಯಲ್ಲಿ ಹಿಡಿದಿದ್ದಾರೆ ಆದರೆ ಪಾಸ್‌ಬುಕ್‌ನಲ್ಲಿ ಇಲ್ಲ ಅಂತಾದರೆ, ವಿಷಯ ಬೇರೆ. ಕೆಲಸಗಾರರಿಂದ ಹಿಡಿದ ಪಿಎಫ್ ಕಟ್ಟದೆ ಉಳಿಸಿಕೊಳ್ಳುವುದನ್ನು ಕಾನೂನು ನಂಬಿಕೆದ್ರೋಹದ ಅಪರಾಧ ಅಂತಲೇ ಕರೆಯುತ್ತದೆ. ಆಗ ಕಾಗದದಲ್ಲಿ ಇರಬೇಕಾದದ್ದು ಒಂದೇ ಪ್ರಶ್ನೆ: ಇಂಥ ತಿಂಗಳುಗಳಲ್ಲಿ ನನ್ನಿಂದ ಹಿಡಿದ ಇಷ್ಟು ರೂಪಾಯಿಯನ್ನು ಯಾವ ತಾರೀಕು ಕಟ್ಟಿದ್ದೀರಿ? ತಿಂಗಳು, ಮೊತ್ತ ಎರಡನ್ನೂ ಸಾಲಾಗಿ ಬರೆಯಿರಿ. ಅದರ ಜೊತೆ ಬೇರೇನನ್ನೂ ಸೇರಿಸಬೇಡಿ.

ಒಂದು ಎಚ್ಚರಿಕೆ. ಎರಡು ತಿಂಗಳು ಕಾಯುವ ನಿಯಮ ಈ ಅಕ್ಕನ ಕಾಲದ್ದು. ಪೂರ್ತಿ ಹಣ ತೆಗೆಯಲು ಕಾಯುವ ಅವಧಿಯನ್ನು 12 ತಿಂಗಳಿಗೆ ಏರಿಸಿ, ಹೆಚ್ಚಿನ ಪಾಲನ್ನು ಮೊದಲೇ ತೆಗೆಯಲು ಬಿಡುವ ತೀರ್ಮಾನವನ್ನು ಪಿಎಫ್ ಮಂಡಳಿ 2025ರ ಅಕ್ಟೋಬರ್‌ನಲ್ಲಿ ಮಾಡಿದೆ. ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ಯಾವ ನಿಯಮ ಇದೆ ಅಂತ ನೋಡಿಯೇ ಹಾಕಿ. ಕಾಯುವ ಅವಧಿ ಉದ್ದವಾದಷ್ಟೂ ತಪ್ಪು ತಾರೀಕು ಬೆಳಕಿಗೆ ಬರುವುದು ತಡವಾಗುತ್ತದೆ. ಆ ಹೊತ್ತಿಗೆ ಎಚ್‌ಆರ್ ಬದಲಾಗಿರುತ್ತಾರೆ, ಫ್ಯಾಕ್ಟರಿಯೇ ಮುಚ್ಚಿರಬಹುದು. ಹಾಗಾಗಿ ಕೆಲಸ ಬಿಟ್ಟ ಎರಡನೇ ತಿಂಗಳಲ್ಲೇ `Service History` ತೆರೆದು ತಾರೀಕು ನೋಡಿಬಿಡಿ.

ನಮ್ಮ ಬೇಡಿಕೆ ಎರಡು. ಸರ್ಕಾರಕ್ಕೆ: ಕಂಪನಿ ಹಾಕಿದ ತಪ್ಪು ತಾರೀಕಿನಿಂದ ಅರ್ಜಿ ತಿರಸ್ಕಾರವಾದರೆ ಆ ತಡದ ಬಡ್ಡಿಯನ್ನು ಕಂಪನಿಯೇ ತೆರಬೇಕು. ಆಯುಕ್ತರ ಸಂಬಳದಿಂದ ಹಿಡಿಯುವ ನಿಯಮ ಬರೆಯಲು ಬಂದವರಿಗೆ ಇದನ್ನೂ ಬರೆಯಲು ಬರುತ್ತದೆ. ಕೆಲಸಗಾರರಿಗೆ: ಇನ್ನು ಮುಂದೆ "ಯಾವಾಗ ಬರುತ್ತೆ" ಅಂತ ಕೇಳಬೇಡಿ. "ಈ ತಾರೀಕು ಯಾರು ಹಾಕಿದ್ದು, ಯಾವತ್ತು ತಿದ್ದುತ್ತೀರಿ" ಅಂತ ಕೇಳಿ, ಬರೆದು ಕೇಳಿ.